ಗಂಗಯ್ಯನ ಮನೆ, ಎರಡು ಸೀಟು

ನನ್ನ ಗಂಡ ಗಂಗಯ್ಯ ಸೀಟು ಮಾರಿ ಬದುಕಿದವರು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಅವರ ಗಾಡಿ ನಿಲ್ಲುತ್ತಿತ್ತು. ಟೆಂಪೊ ಟ್ರಾವೆಲರ್. ನಮ್ಮ ಕಡೆ ಟಿಟಿ ಅಂದರೆ ಸಾಕು. ಡ್ರೈವರ್ ಸೀಟು ಬಿಟ್ಟು ಹನ್ನೆರಡು ಸೀಟು. ಆ ಹನ್ನೆರಡು ಸೀಟಿಗೆ ಅವರು ಯಾವತ್ತೂ ಹದಿಮೂರೋ ಹದಿನಾಲ್ಕೋ ಜನರ ಹತ್ತಿರ ಅಡ್ವಾನ್ಸ್ ಇಸಿದುಕೊಳ್ಳುತ್ತಿದ್ದರು.

ಇದು ಮೋಸ ಅಲ್ಲವಾ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ಮ್ವಾಸ ಅಲ್ಲ ಕಣಮ್ಮಿ," ಅಂದರು. "ಬತ್ತೀವಿ ಬತ್ತೀವಿ ಅಂತ ಎಲ್ರೂ ಅಂತಾರೆ. ಒರ್ಡೋ ದಿನ ಒಬ್ಬನ ಮನೇಲಿ ಸೂತ್ಕ ಆಗಿರ್ತದೆ. ಇನ್ನೊಬ್ಬನ ಅಸ ಕರ ಆಕಿರ್ತದೆ. ಗಾಡಿ ಒಂಟ್ಮೇಲೆ ಖಾಲಿ ಸೀಟು ಖಾಲಿನೇ. ಅದೇನ್ ಸೌದೆನಾ, ಇವತ್ ಓಗ್ದೆ ಇದ್ರೆ ನಾಳೀಕ್ ಮಾರ್ತೀನಿ ಅನ್ನಕ್ಕೆ?"

ಡೀಸೆಲ್ ಅಷ್ಟೇ ಸುಡುತ್ತದೆ. ಟೋಲ್ ಅಷ್ಟೇ ಕಟ್ಟಬೇಕು. ಹತ್ತು ಜನ ಬಂದರೂ ಅಷ್ಟೆ, ಹನ್ನೆರಡು ಜನ ಬಂದರೂ ಅಷ್ಟೆ. ಕೊನೆಯ ಎರಡು ಸೀಟಿನ ದುಡ್ಡೇ ಮನೆಗೆ ಬರುವ ದುಡ್ಡು. ಆ ಎರಡು ಖಾಲಿ ಹೋದರೆ ಅವರು ಎರಡು ದಿನ ಸುಮ್ಮನೆ ಗಾಡಿ ಓಡಿಸಿದ ಹಾಗೆ.

ಯಾವ ಊರಿನವರು ಎಷ್ಟು ಕೈ ಕೊಡುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಹೊಳೆನರಸೀಪುರದವರು ಹೇಳಿದರೆ ಮುಗಿಯಿತು, ಜ್ವರ ಇದ್ದರೂ ಟವೆಲ್ ಸುತ್ತಿಕೊಂಡು ಬಂದು ಕೂರುತ್ತಾರೆ. ಅರಕಲಗೂಡಿನವರು ಹತ್ತು ಜನ ಹೇಳಿದರೆ ಇಬ್ಬರು ಬರುವುದಿಲ್ಲ. ಅದಕ್ಕೆ ಅರಕಲಗೂಡಿನವರು ಜಾಸ್ತಿ ಇರುವ ಟ್ರಿಪ್ಪಿಗೆ ಒಂದು ಸೀಟು ಹೆಚ್ಚಿಗೆ ಮಾರುತ್ತಿದ್ದರು. ಲೆಕ್ಕ ತಪ್ಪುತ್ತಿದ್ದದ್ದು ಕಡಿಮೆ. ತಪ್ಪಿದ ದಿನ, ಎಲ್ಲರೂ ಬಂದು ನಿಂತ ದಿನ, ಅವರು ಯಾರ ಮೇಲೂ ರೇಗುತ್ತಿರಲಿಲ್ಲ. ಗಾಡಿಯ ಬಾಗಿಲಲ್ಲಿ ನಿಂತು ನಗುತ್ತಾ ಕೇಳುತ್ತಿದ್ದರು.

"ಯಾರಾದ್ರೂ ಮುಂದಿನ್ ಟ್ರಿಪ್ಪಿಗ್ ಬತ್ತೀರೇನ್ರಪ್ಪಾ? ಅರ್ಧ ದುಡ್ಡು ಬುಡ್ತೀನಿ. ಮುಂದ್ಗಡೆ ಸೀಟ್ ಕೊಡ್ತೀನಿ."

ಅವಸರ ಇಲ್ಲದವನು ಯಾವನೋ ಒಬ್ಬ ಇಳಿಯುತ್ತಿದ್ದ. ಖುಷಿಯಲ್ಲೇ ಇಳಿಯುತ್ತಿದ್ದ. ಯಾರೂ ಇಳಿಯದಿದ್ದರೆ ನಾನು ಇಳಿಯುತ್ತಿದ್ದೆ.

ನಾನು ಅಂದರೆ ಸಣ್ಣಕ್ಕ, ಅವರ ಹೆಂಡತಿ. ಪ್ರತಿ ವರ್ಷ ವಿಜಯದಶಮಿಗೆ ಅವರು ನಾಗಪುರದ ದೀಕ್ಷಾಭೂಮಿಗೆ ಟ್ರಿಪ್ ಹಾಕುತ್ತಿದ್ದರು. ನಾವು ಬೌದ್ಧರು. ನಮ್ಮವರಿಗೆ ಅದಕ್ಕಿಂತ ದೊಡ್ಡ ಜಾಗ ಇಲ್ಲ. ನಾನು ಹಿಂದಿನ ದಿನವೇ ಚಪಾತಿ ಸುಟ್ಟು, ಚಟ್ನಿಪುಡಿ ಕುಟ್ಟಿ, ಬಿಳಿ ಸೀರೆ ಮಡಿಸಿ ಇಟ್ಟುಕೊಳ್ಳುತ್ತಿದ್ದೆ. ಬೈಪಾಸಿನ ಹತ್ತಿರ ಕೊನೆಯವರು ಹತ್ತುವ ಹೊತ್ತಿಗೆ ಸೀಟು ಸಾಲುತ್ತಿರಲಿಲ್ಲ. ಬೇರೆ ಟ್ರಿಪ್ಪಿಗೆ ಕೈ ಕೊಡುವವರೂ ನಾಗಪುರಕ್ಕೆ ಕೈ ಕೊಡುತ್ತಿದ್ದದ್ದು ಕಡಿಮೆ. ಅವರು ನನ್ನ ಮುಖ ನೋಡುತ್ತಿದ್ದರು. ನಾನು ಇಳಿಯುತ್ತಿದ್ದೆ. ಚಪಾತಿ ಡಬ್ಬಿ ಗಾಡಿಯಲ್ಲೇ ಹೋಗುತ್ತಿತ್ತು. ನನ್ನ ಅಡಿಗೆ ಎಷ್ಟೋ ಸಲ ನಾಗಪುರ ನೋಡಿದೆ.

"ಮುಂದಿನ್ ವರ್ಷ ನೀನೇ ಮೊದ್ಲು ಅತ್ಕೊಂಡ್ ಕೂತ್ಕೊ ಸಣ್ಣಿ," ಅನ್ನುತ್ತಿದ್ದರು.

ಮುಂದಿನ ವರ್ಷವೂ ದುಡ್ಡು ಕೊಟ್ಟವನು ಹತ್ತುತ್ತಿದ್ದ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಅವರ ಗಾಡಿಯಲ್ಲಿ ಸೀಟು ಆಳಿನ ಹೆಸರಿಗೆ ಇರುತ್ತಿರಲಿಲ್ಲ, ಮನೆಯ ಹೆಸರಿಗೆ ಇರುತ್ತಿತ್ತು. ಚಂದ್ರಯ್ಯನ ಮನೆ, ಎರಡು. ಬಸವೇಶನ ಮನೆ, ಮೂರು. ಗಂಡನಿಗೆ ಆಗದಿದ್ದರೆ ತಮ್ಮ ಬರಲಿ, ಅತ್ತೆಗೆ ಆಗದಿದ್ದರೆ ಸೊಸೆ ಬರಲಿ. ಯಜಮಾನನ ಹೆಸರು ಹೇಳಿದರೆ ಸೀಟು ಸಿಗುತ್ತಿತ್ತು. ನಮ್ಮ ಕಡೆ ಎಲ್ಲ ಗಾಡಿಗಳಲ್ಲೂ ಹಾಗೇ. ಲೋಕದಲ್ಲೆಲ್ಲ ಹಾಗೇ ಅಂತ ಅವರು ತಿಳಿದಿದ್ದರು. ನಾನೂ ತಿಳಿದಿದ್ದೆ.

ಯುಗಾದಿ ಆದಮೇಲೆ ಅವರಿಗೆ ಊಟ ಸೇರದಾಯಿತು. ಗ್ಯಾಸ್ಟ್ರಿಕ್ ಅಂತ ಗುಳಿಗೆ ನುಂಗಿದರು. ಪ್ಯಾಂಟು ಜಾರಲು ಶುರುವಾದಮೇಲೆ ಹಾಸನದಲ್ಲಿ ತೋರಿಸಿದೆವು. ಹೊಟ್ಟೆಯಲ್ಲಿ ಗಡ್ಡೆ ಅಂದರು. ಮುಂಬೈಗೆ ಹೋಗಿ ಅಂದರು. ಗಾಡಿಯನ್ನು ನಮ್ಮಣ್ಣನ ಮಗ ಪರಮೇಶನಿಗೆ ಮಾರಿದೆವು. ಆ ದುಡ್ಡಿನಲ್ಲಿ ರೈಲು ಹತ್ತಿದೆವು.

ಮುಂಬೈನ ಆಸ್ಪತ್ರೆಯಲ್ಲಿ ಡಾಕ್ಟರು ಹಿಂದಿಯಲ್ಲಿ ಮಾತಾಡಿದರು. ಶ್ರವಣಬೆಳಗೊಳಕ್ಕೆ ಬರುವ ಉತ್ತರದ ಯಾತ್ರಿಕರನ್ನು ಕರೆದುಕೊಂಡು ಓಡಾಡಿ ನನ್ನ ಗಂಡನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ನನಗೆ ಬರುವುದಿಲ್ಲ. ಡಾಕ್ಟರು ಮಾತು ಮುಗಿಸಿದಮೇಲೆ ಅವರು ಸ್ವಲ್ಪ ಹೊತ್ತು ಮೇಜಿನ ಮೇಲಿನ ಪೆನ್ನು ನೋಡಿದರು.

"ಏನಂದ್ರು?" ಅಂದೆ.

"ಮಾತ್ರೆ ಕೊಟ್ಟವ್ರೆ. ಊರ್ಗೋಗಿ ಅಂದವ್ರೆ."

ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ರೈಲಿನಲ್ಲಿ ಅಷ್ಟು ಹೊತ್ತು ಕೂರಲು ಅವರಿಗೆ ಆಗುತ್ತಿರಲಿಲ್ಲ. ನಮ್ಮ ಮಗಳು ಬಿಂದುಶ್ರೀ ಹಾಸನದಲ್ಲಿ ಒಂದು ಆನ್‌ಲೈನ್ ಸೆಂಟರಿನಲ್ಲಿ ಕೆಲಸ ಮಾಡುತ್ತಾಳೆ. ಅವಳೇ ಬೆಂಗಳೂರಿಗೆ ವಿಮಾನದ ಟಿಕೆಟ್ ಮಾಡಿ ಫೋನಿಗೆ ಕಳಿಸಿದಳು. ಭಾನುವಾರ ಮಧ್ಯಾಹ್ನದ ವಿಮಾನ. ನಮ್ಮಿಬ್ಬರಿಗೂ ಅದೇ ಮೊದಲು.

ಏರ್‌ಪೋರ್ಟಿನಲ್ಲಿ ಎಲ್ಲ ಮುಗಿಸಿ, ವಿಮಾನ ಹತ್ತುವ ಬಾಗಿಲ ಮುಂದೆ ಕುರ್ಚಿಯಲ್ಲಿ ಕೂತಿದ್ದೆವು. ಜನ ತುಂಬಿಹೋಗಿದ್ದರು. ಅವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಅಷ್ಟರಲ್ಲಿ ಮೈಕಿನಲ್ಲಿ ಏನೋ ಕೂಗಿದರು. ಅವರು ಕಣ್ಣು ಬಿಟ್ಟರು. ಕಿವಿ ಕೊಟ್ಟು ಕೇಳಿದರು. ಆಮೇಲೆ ನಕ್ಕರು. ಎಷ್ಟೋ ದಿನಗಳಾದಮೇಲೆ ನಕ್ಕಿದ್ದು.

"ಸಣ್ಣೀ, ಇವ್ರೂ ನಮ್ಮಂಗೇ ಕಣೇ!"

"ಏನು?"

"ಇರೋ ಸೀಟ್‌ಗಿಂತ ಜಾಸ್ತಿ ಮಾರವ್ರೆ. ಎಲ್ಲಾ ಬಂದ್ಬುಟ್ಟವ್ರೆ. ಯಾರಾದ್ರೂ ಇಳೀತೀರಾ, ನಾಳೀಕ್ ಕಳಿಸ್ತೀವಿ, ಏನಾರ ಕೊಡ್ತೀವಿ ಅಂತ ಕೂಗ್ತಾವ್ರೆ."

ಇಷ್ಟು ದೊಡ್ಡ ವಿಮಾನದವರಿಗೆ ಅಂಥ ದರಿದ್ರ ಏನು ಬಂದಿದೆ ಎಂದು ನಾನು ಕೇಳಿದೆ.

"ದರಿದ್ರ ಅಲ್ಲ. ವಿಮಾನ ಮ್ಯಾಲಕ್ಕೋದ್ಮೇಲೆ ಖಾಲಿ ಸೀಟ್ ಯಾರ್ಗ್ ಮಾರ್ತಾನೆ? ದಿನಾ ಒಂದಷ್ಟ್ ಜನ ಟಿಕೆಟ್ ಮಾಡ್ಸಿ ಬರಾಕಿಲ್ಲ. ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿರ್ತಾನೆ, ಮೀಟಿಂಗ್ ಮುಗ್ದಿರಾಕಿಲ್ಲ, ಬ್ಯಾರೆ ಊರಿಂದ ಬರೋ ವಿಮಾನ ತಡ ಆಗಿರ್ತದೆ. ಯಾವ್ ಊರಿಗ್ ಎಷ್ಟ್ ಜನ ತಪ್ಪಿಸ್ಕತಾರೆ ಅಂತ ಕಂಪ್ಯೂಟರ್ ಲೆಕ್ಕ ಇಟ್ಟಿರ್ತದೆ. ಅಷ್ಟು ಜಾಸ್ತಿ ಮಾರ್ತಾರೆ. ಅವ್ರ್ಗೂ ಅರ್ಕಲ್ಗೂಡು ಒಳೆನರ್ಸೀಪುರ ಎಲ್ಲಾ ಐತೆ ಕಣೆ. ಇವತ್ ಲೆಕ್ಕ ತಪ್ಪೈತೆ."

ಅವರ ಮುಖಕ್ಕೆ ಬಣ್ಣ ಬಂದಿತ್ತು. ಗಾಡಿ ಹೊರಡುವ ಮುಂಚೆ ಇರುತ್ತಿದ್ದ ಮುಖ. ಎದ್ದು ನಿಂತರು. ನಾನು ಷರಟು ಹಿಡಿದು ಎಳೆದೆ.

"ನಿಮ್ಗೇನ್ ತಲೆಗಿಲೆ ಕೆಟ್ಟೈತಾ? ಈ ಮೈ ಇಟ್ಕೊಂಡು? ಊರ್ಗೋಗನ ನಡೀರಿ."

"ಊರಲ್ಲೇನೈತೆ? ಇವತ್ತೋದ್ರೂ ಅದೇ ಗ್ವಾಡೆ, ನಾಳೆ ಓದ್ರೂ ಅದೇ ಗ್ವಾಡೆ." ಆಮೇಲೆ ಬಗ್ಗಿ ಮೆಲ್ಲಗೆ ಅಂದರು. "ನಿನ್ನ ಎಷ್ಟ್ ಸಲ ಇಳ್ಸಿದೀನಿ ನಾನು. ಒಂದ್ ಪೈಸಾನೂ ಕೊಡ್ನಿಲ್ಲ. ಇವ್ರು ಕೊಡ್ತಾರೆ. ಒಂದ್ಸಲ ಇಳ್ಯನ ಇರು. ನಾಗಪುರಕ್ಕೆ ನಿನ್ನ ಇದೇ ವಿಮಾನದಲ್ಲಿ ಕರ್ಕೊಂಡೋಯ್ತೀನಿ. ಕಿಟಕಿ ಪಕ್ಕ."

ನಾನು ಕೈ ಬಿಟ್ಟೆ.

ಕೌಂಟರಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಎದೆಯ ಮೇಲೆ ಶೋಭಿತಾ ಎಂದು ಹೆಸರಿತ್ತು. ಇವರು ಹಿಂದಿಯಲ್ಲಿ ಶುರು ಮಾಡಿದರು. ಅವಳು ನಮ್ಮ ಟಿಕೆಟ್ ನೋಡಿ, ನಾವು ಮಾತಾಡುವುದು ಕೇಳಿ, "ಕನ್ನಡ ಉಂಟು ಅಂಕಲ್, ನಾನು ಮಂಗಳೂರಿನವಳು," ಅಂದಳು.

"ಎಷ್ಟ್ ಸೀಟ್ ಬೇಕಮ್ಮ ನಿನ್ಗೆ?"

"ಎರಡು ಬೇಕು. ನಿಮ್ಮದು ಇಬ್ಬರದ್ದಲ್ಲವಾ? ಇವತ್ತಿನ ಬೇರೆ ವಿಮಾನಗಳೂ ತುಂಬಿವೆ. ನೀವು ಬಿಟ್ಟುಕೊಟ್ಟರೆ ನಾಳೆ ಬೆಳಿಗ್ಗೆ ಹೋಗುವ ವಿಮಾನದಲ್ಲಿ ಸೀಟು ಕೊಡ್ತೇವೆ. ಒಬ್ಬೊಬ್ಬರಿಗೆ ಐದು ಸಾವಿರದ ವೋಚರ್ ಕೊಡ್ತೇವೆ. ಮುಂದೆ ಟಿಕೆಟ್ ಮಾಡುವಾಗ ಅಷ್ಟು ಹಣ ಕಳೀತೇವೆ."

"ರಾತ್ರಿಗೆ ಎಲ್ಲಿರಾದು?"

"ಹೋಟೆಲ್ ನಮ್ಮದೇ. ಊಟವೂ ನಮ್ಮದು. ಕಾರು ಕೊಡ್ತೇವೆ."

"ನಾಳೆ ಸೀಟು ಗ್ಯಾರಂಟಿನಾ, ಇಲ್ಲಾ ನಾಳೆನೂ ಇಂಗೇ ನಿಲ್ಸಿ ಕೂಗ್ತೀಯೋ?"

ಹುಡುಗಿ ನಕ್ಕಳು. "ಗ್ಯಾರಂಟಿ ಅಂಕಲ್. ಈಗಲೇ ಸೀಟು ನಂಬರ್ ಹಾಕಿ ಕೊಡ್ತೇನೆ."

"ಪಕ್ಕ ಪಕ್ಕ ಆಕು. ಯೋಚ್ನೆ ಮಾಡಿ ಬತ್ತೀನಿ," ಎಂದು ಬಂದು ಕೂತುಬಿಟ್ಟರು.

ನನಗೆ ಅರ್ಥವಾಗಲಿಲ್ಲ. ಬೇಕಾದರೆ ಒಪ್ಪಿಕೊಳ್ಳಬೇಕು, ಬೇಡವಾದರೆ ಬೇಡ ಅನ್ನಬೇಕು.

"ಮೊದ್ಲು ಏಳಿದ್ ರೇಟ್ಗೆ ಯಾವನೂ ಒಪ್ಕಬಾರ್ದು," ಅಂದರು. "ಗಾಡಿ ಒರ್ಡೋ ಹೊತ್ ಅತ್ರ ಆದಂಗೆ ಇಳಿಸೋನ್ಗೆ ಬಿಸಿ ಏರ್ತದೆ. ಯಾರೂ ತಾನಾಗಿ ಇಳೀನಿಲ್ಲ ಅಂದ್ರೆ ಯಾರ್ನಾದ್ರೂ ಬ್ಯಾಡ ಅಂತ ನಿಲ್ಲಿಸ್ಬೇಕಾಯ್ತದೆ. ಅಂಗ್ ನಿಲ್ಸಿದ್ರೆ ಸರ್ಕಾರದ ರೂಲ್ಸ್ ಪ್ರಕಾರ ದಂಡ ಕಟ್‌ಬೇಕು. ನಮ್ ಬೆಳ್ಗೊಳದ ಯಾತ್ರಿಕ್ರು ಏಳ್ತಿದ್ರು. ಒಪ್ಪಿ ಇಳಿಯೋನ್ಗೆ ಇಷ್ಟೇ ಅಂತ ರೂಲ್ಸಿಲ್ಲ. ಅದು ಮಾತಲ್ಲೇ ಆಗ್ಬೇಕು."

"ಅಷ್ಟ್ರೊಳ್ಗೆ ಬೇರೆ ಯಾರಾದ್ರೂ ಒಪ್ಕೊಂಡ್ರೆ?"

"ನಮ್ ಅಣೇಬರ. ಅದ್ಕೇ ಅವ್ಳ ಮುಖ ನೋಡ್ತಾ ಕೂತಿರಾದು."

ನಮ್ಮ ಪಕ್ಕದಲ್ಲಿ ಕೋಟು ಹಾಕಿದ ಒಬ್ಬ ಮನುಷ್ಯ ಯಾರಿಗೋ ಫೋನಿನಲ್ಲಿ ಕೂಗಾಡುತ್ತಿದ್ದ. ಹೀಗೆ ಸೀಟು ಜಾಸ್ತಿ ಮಾರುವುದು ಕಳ್ಳತನ ಅನ್ನುತ್ತಿದ್ದಾನೆ ಎಂದು ಇವರು ಹೇಳಿದರು. "ಕೂಗ್ಲಿ ಬುಡು. ಎಲ್ಲಾ ಸೀಟೂ ಎಣಿಸ್ಕೊಂಡೇ ಮಾರಿದ್ರೆ, ಖಾಲಿ ಓಯ್ತಿದ್ದುದ್ರ ದುಡ್ಡೂ ಇವ್ನ್ ಟಿಕೆಟ್ ಮೇಲೇ ಬೀಳ್ತಿತ್ತು," ಅಂದರು. ಸೀಟು ಮಾರುವವರ ಪರ ಅವರ ಮನಸ್ಸು. ಸಾಯುವಾಗಲೂ ಅದು ಹೋಗಲಿಲ್ಲ.

ಮತ್ತೆ ಮೈಕಿನಲ್ಲಿ ಕೂಗಿದರು. ಎರಡನೇ ಸಲ ಕೂಗಿದಾಗ ಹುಡುಗಿ ನೇರವಾಗಿ ಇವರನ್ನೇ ನೋಡಿದಳು. ಇವರು ಎದ್ದು ಹೋದರು. ನಾನೂ ಹಿಂದೆ ಹೋದೆ.

"ಈಗ ಎಷ್ಟು, ಏಳಮ್ಮ."

"ಒಬ್ಬೊಬ್ಬರಿಗೆ ಹತ್ತು. ಇದಕ್ಕಿಂತ ಮೇಲೆ ನನ್ನ ಕೈಯಲ್ಲಿಲ್ಲ ಅಂಕಲ್."

"ವೋಚರ್ ಬ್ಯಾಡ, ದುಡ್ಡೇ ಕೊಡು ಅಂದ್ರೆ?"

"ದುಡ್ಡಾದರೆ ಆರು. ಬ್ಯಾಂಕಿಗೆ ಬರ್ತದೆ. ವೋಚರ್ ಆದರೆ ಹತ್ತು. ಒಂದು ವರ್ಷ ನಡೀತದೆ."

ಅವರು ನನ್ನ ಕಡೆ ತಿರುಗಿದರು. ನಾಗಪುರಕ್ಕೆ ಇಬ್ಬರು ಹೋಗಿ ಬರುವುದಕ್ಕೆ ವೋಚರಿನ ದುಡ್ಡು ಸಾಕಾಗುತ್ತಿತ್ತು. ನಗದು ಸಾಲುತ್ತಿರಲಿಲ್ಲ. ನನಗೆ ನಗದು ಒಳ್ಳೆಯದು ಅನ್ನಿಸಿತು. ಊರಿನಲ್ಲಿ ಮಾತ್ರೆಗೆ ಬೇಕಿತ್ತು. ಹೇಳಲು ಬಾಯಿ ತೆಗೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ.

"ವೋಚರ್ ಮಾಡು," ಅಂದರು.

"ನಿಮ್ಮದು ಒಂದೇ ಟಿಕೆಟಿನಲ್ಲಿ ಎರಡು ಹೆಸರು. ಒಟ್ಟಿಗೆ ಒಂದೇ ವೋಚರ್ ನಿಮ್ಮ ಹೆಸರಿಗೆ ಮಾಡ್ಲಾ, ಇಲ್ಲ ಆಂಟಿಯದು ಬೇರೆ ಮಾಡ್ಲಾ? ಬೇರೆ ಬೇರೆ ಮಾಡಿದರೆ ಒಳ್ಳೇದು ಅಂಕಲ್."

"ಬ್ಯಾರೆ ಯಾಕಮ್ಮ? ನಾವೇನ್ ಬ್ಯಾರೆ ಮನೆಯೋರಾ? ಒಂದೇ ಮನೆ. ಗಂಗಯ್ಯ ಅಂತ ಆಕು. ಗಂಗಯ್ಯನ ಮನೆ, ಎರಡು."

ಹುಡುಗಿ ಇನ್ನೊಂದು ಸಲ ನೋಡಿದಳು. ಹಿಂದೆ ಕೋಟಿನವನು ಕೂಗುತ್ತಿದ್ದ. ಅವಳು ಹಾಗೇ ಮಾಡಿದಳು. ಫೋನಿಗೆ ಮೆಸೇಜ್ ಬಂತು. ಅವರು ಅದನ್ನು ನನಗೆ ತೋರಿಸಿದರು. ಇಂಗ್ಲಿಷಿನಲ್ಲಿತ್ತು. ಅವರ ಹೆಸರು ಮಾತ್ರ ನನಗೆ ಗುರುತು ಸಿಕ್ಕಿತು.

"ನೋಡು, ಎಷ್ಟ್ ದೊಡ್ದಾಗ್ ಬರ್ದವ್ರೆ," ಅಂದರು.

ಅವತ್ತು ಸಂಜೆ ನಾವು ದೊಡ್ಡ ಹೋಟೆಲಿನಲ್ಲಿ ಇದ್ದೆವು. ಹಾಸಿಗೆ ಕೂತರೆ ಒಳಗೆ ಇಳಿಯುತ್ತಿತ್ತು. ಊಟಕ್ಕೆ ಹತ್ತಾರು ಥರ ಇಟ್ಟಿದ್ದರು. ಅವರು ಮೊಸರನ್ನ ಎರಡು ತುತ್ತು ತಿಂದರು. "ನೀನ್ ತಿನ್ನು, ಬಿಟ್ಟಿ ಸಿಕ್ಕೈತೆ," ಎಂದು ನನ್ನ ತಟ್ಟೆಗೆ ಹಾಕಿಸುತ್ತಿದ್ದರು. ನಾನು ತಿಂದೆ. ಕಿಟಕಿಯಿಂದ ವಿಮಾನ ಏಳುವುದು ಕಾಣುತ್ತಿತ್ತು. ನಮ್ಮದು ಹೋಗಿ ಆಗಿತ್ತು.

"ನಾಗಪುರ್ದಲ್ಲಿ ಸ್ತೂಪದ್ ಒಳಿಕ್ ಓಗ್ಬೇಕಾರೆ ಸಾಲು ನಿಲ್ಬೇಕು," ಅಂದರು. "ಬಿಸ್ಲು ಅಂದ್ರೆ ಅಂಗಿರ್ತದೆ. ನಿಂಗೊಂದ್ ಛತ್ರಿ ಇಟ್ಕೊ. ಬಾಬಾಸಾಹೇಬ್ರು ದೀಕ್ಷೆ ತಕಂಡಿದ್ ಜಾಗ ನಾನೇ ತೋರಿಸ್ತೀನಿ. ಗುಂಪಲ್ಲಿ ನನ್ ಕೈ ಬುಡ್ಬ್ಯಾಡ."

ಆಗಲಿ ಅಂದೆ. ನಮ್ಮ ಬಾಳಿನಲ್ಲಿ ಯಾರ ಕೆಲಸವೂ ಇಲ್ಲದೆ ನಾವಿಬ್ಬರೇ ಒಂದು ಕೋಣೆಯಲ್ಲಿ ಸುಮ್ಮನೆ ಕೂತ ಸಂಜೆ ಅದೊಂದೇ. ಅದನ್ನೂ ಸೀಟು ಬಿಟ್ಟು ಸಂಪಾದಿಸಿದ್ದು.

ಮಾರನೇ ದಿನ ವಿಮಾನ ಹತ್ತಿದೆವು. ಪಕ್ಕ ಪಕ್ಕವೇ ಸೀಟು. ಅವರು ದಾರಿಯುದ್ದಕ್ಕೂ ನೋವಿನಲ್ಲಿ ಬೆವೆತರು. ಕಿಟಕಿಯಲ್ಲಿ ಏನಿತ್ತೋ ನಾನು ನೋಡಲಿಲ್ಲ.

ಊರಿಗೆ ಬಂದಮೇಲೆ ನಾಗಪುರದ ಟಿಕೆಟ್ ಈಗಲೇ ಮಾಡಿಬಿಡೋಣ ಅಂತ ಬಿಂದುಶ್ರೀ ಅಂದಳು. ಹಬ್ಬ ಹತ್ತಿರ ಬಂದರೆ ರೇಟು ಏರುತ್ತದೆ ಅಂದಳು.

"ಒಂಚೂರ್ ಎದ್ ಓಡಾಡಂಗಾಗ್ಲಿ ತಾಳು ಮಗಾ," ಅಂದರು.

ಮಂಚದ ಮೇಲೆ ಮಲಗಿಕೊಂಡೇ ಬಂದವರಿಗೆಲ್ಲ ಹೇಳಿದರು. ಹೊಳೆನರಸೀಪುರದಿಂದ ಅವರ ಹಳೆಯ ಗಿರಾಕಿಗಳು ನೋಡಲು ಬಂದರು. ಅರಕಲಗೂಡಿನಿಂದಲೂ ಬಂದರು. ಎಲ್ಲರಿಗೂ ಅದೇ ಕತೆ. "ನನ್ ಎಂಡ್ರು ಈ ಸಲ ದಸ್ರಾಕ್ಕೆ ವಿಮಾನದಲ್ಲಿ ಓಯ್ತಾಳೆ. ಬಿಟ್ಟಿ! ವಿಮಾನದೋರ್ನ ಎಂಗ್ ಬಗ್ಗಿಸ್ದೆ ಅಂದ್ರೆ." ಕತೆ ಹೇಳುವಾಗ ಉಸಿರು ಸಾಲುತ್ತಿರಲಿಲ್ಲ. ಉಳಿದದ್ದನ್ನು ನಾನು ಹೇಳಿ ಮುಗಿಸುತ್ತಿದ್ದೆ. ಎಷ್ಟು ಸಲ ಹೇಳಿದೆನೋ, ಆ ಹುಡುಗಿಯ ಮಂಗಳೂರು ಮಾತೂ ನನಗೆ ಬಂದುಹೋಯಿತು.

ಆಷಾಢ ಮುಗಿಯುವುದರೊಳಗೆ ಅವರು ಹೋದರು. ಬೆಂಗಳೂರಿನಿಂದ ನಮ್ಮ ಭಿಕ್ಷು ಭಂತೇಜಿ ಬಂದು ಪ್ರಾರ್ಥನೆ ಹೇಳಿದರು. ಮಣ್ಣು ಮಾಡಿದೆವು. ಪರಮೇಶ ಅವರ ಗಾಡಿಯಲ್ಲೇ ಜನರನ್ನು ತುಂಬಿಕೊಂಡು ಓಡಾಡಿದ. ಅವತ್ತು ಯಾರೂ ಸೀಟು ಎಣಿಸಲಿಲ್ಲ.

ನೆಂಟರೆಲ್ಲ ಹೋಗಿ ಮನೆ ಖಾಲಿಯಾದಮೇಲೆ ಬಿಂದುಶ್ರೀ ಅಂದಳು, "ಅವ್ವ, ನೀನ್ ಓಗು. ಅಪ್ಪ ನಿಂಗೋಸ್ಕರ ಮಾಡಿದ್ದು. ನಾನೂ ಬತ್ತೀನಿ ಜೊತೇಲಿ. ಎರಡು ಸೀಟೈತಲ್ಲ."

ನನಗೆ ಹೋಗುವ ಆಸೆ ಇರಲಿಲ್ಲ. ಆದರೆ ಅವರು ಊರೆಲ್ಲ ಹೇಳಿಕೊಂಡು ಹೋಗಿದ್ದರು. ಅವರ ಮಾತು ಸುಳ್ಳಾಗಬಾರದು ಅನ್ನಿಸಿತು. ಆಗಲಿ ಅಂದೆ. ಬಿಳಿ ಸೀರೆ ಒಗೆದು ಇಟ್ಟೆ. ಛತ್ರಿ ತೆಗೆದು ಇಟ್ಟೆ.

ಹಾಸನದಲ್ಲಿ ಅವಳ ಸೆಂಟರಿಗೇ ಹೋದೆ. ಅವಳು ಕಂಪ್ಯೂಟರಿನಲ್ಲಿ ವೋಚರಿನ ನಂಬರ್ ಹೊಡೆದಳು. ನನ್ನ ಹೆಸರು ಹಾಕಿದಳು, ತನ್ನ ಹೆಸರು ಹಾಕಿದಳು. ತಗೊಳ್ಳಲಿಲ್ಲ. ಮತ್ತೆ ಹಾಕಿದಳು. ತಗೊಳ್ಳಲಿಲ್ಲ. ಆಮೇಲೆ ವಿಮಾನದವರ ನಂಬರಿಗೆ ಫೋನ್ ಮಾಡಿ, ನನಗೂ ಕೇಳಲಿ ಅಂತ ಜೋರಾಗಿ ಇಟ್ಟಳು. ಕನ್ನಡದವನೇ ಸಿಕ್ಕಿದ.

"ಮೇಡಂ, ಈ ವೋಚರ್ ಗಂಗಯ್ಯ ಅವರ ಹೆಸರಿನಲ್ಲಿದೆ. ಅವರು ಪ್ರಯಾಣ ಮಾಡಬೇಕು. ಅವರ ಜೊತೆ ಅದೇ ಟಿಕೆಟಿನಲ್ಲಿ ಬೇರೆಯವರು ಹೋಗಬಹುದು."

"ಅವ್ರು ತೀರ್ಕೊಂಡವ್ರೆ ಸಾರ್. ಇವ್ರು ಅವ್ರ ಮಿಸೆಸ್ಸು. ಎರಡು ಸೀಟಲ್ಲಿ ಒಂದು ಇವ್ರದ್ದೇ."

"ಸಾರಿ ಮೇಡಂ. ನಮ್ಮಲ್ಲಿ ಒಂದೇ ಹೆಸರು ತೋರಿಸ್ತಿದೆ. ಹೆಸರು ಬದಲಾಯಿಸೋಕೆ ಬರಲ್ಲ."

"ದುಡ್ಡಾದ್ರೂ ವಾಪಸ್ ಕೊಡ್ತೀರಾ?"

"ವೋಚರಿಗೆ ಹಣ ವಾಪಸ್ ಇರಲ್ಲ ಮೇಡಂ. ಮೇಲ್ ಮಾಡಿ ನೋಡಿ. ಬೇರೆ ಏನಾದರೂ ಸಹಾಯ ಬೇಕಿತ್ತಾ?"

ಬಿಂದುಶ್ರೀ ಫೋನ್ ಇಟ್ಟಳು. ಮರಣ ಪತ್ರ ಇಟ್ಟು ಮೇಲ್ ಮಾಡಿದಳು. ನಿಮ್ಮ ದುಃಖದಲ್ಲಿ ನಾವೂ ಭಾಗಿ, ನಿಯಮದ ಪ್ರಕಾರ ಆಗುವುದಿಲ್ಲ ಎಂದು ಉತ್ತರ ಬಂತು. ವೋಚರ್ ಕೊಡುವಾಗಲೇ ಬಂದ ಮೆಸೇಜಿನ ಕೆಳಗೆ ಅದೆಲ್ಲ ಸಣ್ಣ ಅಕ್ಷರದಲ್ಲಿ ಇತ್ತಂತೆ. ಅವಳು ಓದಿ ಹೇಳಿದಳು. ಬೇರೆಯವರಿಗೆ ಕೊಡುವ ಹಾಗಿಲ್ಲ. ನಗದು ಮಾಡುವ ಹಾಗಿಲ್ಲ.

ಅವರ ಫೋನಿನಲ್ಲಿ ಏರ್‌ಪೋರ್ಟಿನ ಆ ಹುಡುಗಿ ಶೋಭಿತಾಳ ನಂಬರ್ ಇತ್ತು. ಊರಿಗೆ ಬಂದರೆ ಬೆಳಗೊಳ ತೋರಿಸುತ್ತೇನೆ ಎಂದು ಹೇಳಿ ಇಸಿದುಕೊಂಡಿದ್ದರು. ನಾನೇ ಫೋನ್ ಮಾಡಿದೆ.

"ಯಾರು?"

"ಸೀಟ್ ಬುಟ್ಕೊಟ್ರಲ್ಲ, ಗಂಗಯ್ಯ. ಅವ್ರ ಮನೆಯೋಳು ಕಣವ್ವ."

ಅವಳಿಗೆ ನೆನಪಿತ್ತು. ವಿಷಯ ಹೇಳಿದೆ.

"ನಾನು ಅವತ್ತೇ ಕೇಳಿದೆನಲ್ಲ ಆಂಟಿ," ಅಂದಳು. "ಬೇರೆ ಮಾಡ್ಲಾ ಅಂತ."

"ಕೇಳ್ದೆ ಕಣವ್ವ."

"ಅಂಕಲ್‌ಗೆ ಹುಷಾರಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವರ ಸೀಟು ತೆಗೀತಿರಲಿಲ್ಲ."

ಅವಳ ಕೈಯಲ್ಲಿ ಏನೂ ಇರಲಿಲ್ಲ. ಅಳುವ ಹಾಗಿದ್ದಳು. ನಾನೇ ಫೋನ್ ಇಟ್ಟೆ.

ತಪ್ಪು ಯಾರದ್ದೂ ಅಲ್ಲ ಎಂದು ಬಿಂದುಶ್ರೀ ಅನ್ನುತ್ತಾಳೆ. ಸೀಟು ಬಿಡುವವರು ಇದೆಲ್ಲ ಕೇಳಿಕೊಳ್ಳಬೇಕಂತೆ. ಮುಂದಿನ ಸೀಟು ಖಾತ್ರಿಯಾ, ಊಟ ಹೋಟೆಲ್ ಉಂಟಾ, ನಗದಾ, ಎಷ್ಟು ದಿನ ನಡೆಯುತ್ತದೆ, ಯಾರ ಹೆಸರಿಗೆ. ಅವರು ಎಲ್ಲ ಕೇಳಿದ್ದರು. ಕೊನೆಯದು ಹುಡುಗಿಯೇ ಕೇಳಿದಳು. ಮನೆ ಅಂದರು. ವಿಮಾನದವರಿಗೆ ಮನೆ ಗೊತ್ತಿಲ್ಲ. ಆಳು ಮಾತ್ರ ಗೊತ್ತು.

ವೋಚರಿಗೆ ಇನ್ನೂ ಅವಧಿ ಇದೆ. ಮನುಷ್ಯ ಇಲ್ಲ.

ದಸರಾ ಬಂತು. ಪರಮೇಶ ನಾಗಪುರದ ಟ್ರಿಪ್ ಹಾಕಿದ. ಮನೆಗೆ ಬಂದು ಹೇಳಿದ, "ಅತ್ತೆ, ವಿಮಾನ ಓಗ್ಲಿ ಬುಡು. ನಮ್ ಗಾಡೀಲಿ ಬಾ. ಮಾವನ ಗಾಡಿ. ನಿನ್ ಸೀಟ್ ನಿಂದೇ, ಒಂದ್ ಪೈಸಾ ಬ್ಯಾಡ."

"ಎಷ್ಟ್ ಜನುಕ್ ಮಾರಿದ್ದೀಯ?"

ಅವನು ನಕ್ಕ. "ಮಾವ ಕಲ್ಸಿದಂಗೆ. ಅರ್ಕಲ್ಗೂಡಿನೋರು ಜಾಸ್ತಿ ಅವ್ರೆ, ಅದ್ಕೆ ಒಂದ್ ಎಚ್ಗೆ."

ನಾನು ಚಪಾತಿ ಸುಟ್ಟೆ. ಚಟ್ನಿಪುಡಿ ಕುಟ್ಟಿದೆ. ಬಿಳಿ ಸೀರೆ ಉಟ್ಟೆ. ಬೆಳಿಗ್ಗೆ ಹೋಗಿ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತೆ. ಸೀಟಿಗೆ ಹೊಸ ಕವರ್ ಹಾಕಿದ್ದ. ಸ್ಟೇರಿಂಗಿನ ಮೇಲೆ ಅವರು ಸುತ್ತಿದ್ದ ಹಸಿರು ದಾರ ಹಾಗೇ ಇತ್ತು.

ಚನ್ನರಾಯಪಟ್ಟಣದವರು ಹತ್ತಿದರು. ಹೊಳೆನರಸೀಪುರದವರು ಬಂದು ಕಾಯುತ್ತಿದ್ದರು, ಹತ್ತಿದರು. ಬೈಪಾಸಿನಲ್ಲಿ ಅರಕಲಗೂಡಿನವರು ನಿಂತಿದ್ದರು. ಪರಮೇಶ ಕಿಟಕಿಯಿಂದ ತಲೆ ಹಾಕಿ ಎಣಿಸಿದ. ಮತ್ತೆ ಮೊದಲಿನಿಂದ ಎಣಿಸಿದ. ಎಲ್ಲರೂ ಬಂದಿದ್ದರು. ಒಬ್ಬನೂ ತಪ್ಪಿಸಿಕೊಂಡಿರಲಿಲ್ಲ. ಗಂಗಯ್ಯಣ್ಣ ಇಲ್ಲದ ಮೊದಲ ನಾಗಪುರದ ಟ್ರಿಪ್ಪು, ಅದಕ್ಕೇ ಯಾರೂ ತಪ್ಪಿಸಲಿಲ್ಲ ಅಂದರು.

ಅವನು ಕೇಳಿದ. ಅವರ ಹಾಗೇ ಬಾಗಿಲಲ್ಲಿ ನಿಂತು, ಅವರ ಹಾಗೇ ನಗುತ್ತಾ ಕೇಳಿದ. "ಯಾರಾದ್ರೂ ಮುಂದಿನ್ ವರ್ಷ ಬತ್ತೀರೇನ್ರಣ್ಣ? ಅರ್ಧ ದುಡ್ಡು ಬುಡ್ತೀನಿ." ಯಾರೂ ಅಲ್ಲಾಡಲಿಲ್ಲ. ಕೆಳಗೆ ಒಬ್ಬ ಮುದುಕಪ್ಪ ಕೈಚೀಲ ಹಿಡಿದು ನಿಂತಿದ್ದ. ಪರಮೇಶ ಇನ್ನೊಂದು ಸಲ ಕೇಳಿದ. ಆಮೇಲೆ ನನ್ನ ಮುಖ ನೋಡಿದ.

ನಾನು ಇಳಿದೆ.

ಮುದುಕಪ್ಪ ಹತ್ತಿದ. ಡಬ್ಬಿ ಒಳಗೇ ಇತ್ತು. ಇರಲಿ ಅಂದೆ. ಪರಮೇಶ ಇಳಿದು ಹತ್ತಿರ ಬಂದ.

"ತಪ್ಪಾಯ್ತತ್ತೆ. ಮುಂದಿನ್ ವರ್ಷ ಖಂಡಿತ. ಮುಂದ್ಗಡೆ ಸೀಟು, ಬಿಟ್ಟಿ. ಈಗ್ಲೇ ಬರ್ಕೊತೀನಿ."

"ಬರ್ಕೊ."

ಅವನು ಫೋನ್ ತೆಗೆದ.

"ನನ್ ಎಸ್ರಿಗ್ ಬರ್ಕೊ ಪರಮೇಶ," ಅಂದೆ. "ಸಣ್ಣಕ್ಕ ಅಂತ."

"ಅಯ್ಯೋ ಆಯ್ತು ಬುಡತ್ತೆ, ಅದ್ನೂ ಏಳ್ಬೇಕಾ?" ಎಂದು ಬಾಯಲ್ಲೇ ಓದಿಕೊಳ್ಳುತ್ತಾ ಬೆರಳಲ್ಲಿ ಒತ್ತಿದ. "ಗಂಗಯ್ಯನ ಮನೆ, ಒಂದು."

ಹತ್ತಿ ಕೂತು ಗಾಡಿ ಬಿಟ್ಟ. ನಾನು ಸರ್ವಿಸ್ ರೋಡಿನಲ್ಲಿ ನಡೆದು ಮನೆಗೆ ಬಂದೆ.